ತಾರೀಖಿಲ್ಲದ ಥ್ಯಾಂಕ್ಸ್

ಮೆಜೆಸ್ಟಿಕ್ ಸುತ್ತಮುತ್ತ ಅಂಗಡಿ ಮುಚ್ಚೋ ಬೋರ್ಡುಗಳು ಎರಡು ಥರ ಕಾಣ್ತವೆ. ಒಂದು, ಹಳದಿ ಬಟ್ಟೆ ಮೇಲೆ ಕೆಂಪು ಅಕ್ಷರದಲ್ಲಿ ಬರೆದ 'ಕ್ಲೋಸಿಂಗ್ ಸೇಲ್'. ಇನ್ನೊಂದು, ಅರ್ಧ ಇಳಿದ ಶಟರ್ ಮೇಲೆ ಸೆಲ್ಲೋಟೇಪ್ ಹಾಕಿ ಅಂಟಿಸಿದ ಎ-ಫೋರ್ ಹಾಳೆ. ಮೊದಲನೆಯದನ್ನ ನಾವು ಯಾರೂ ನಂಬಲ್ಲ. ಮುಚ್ತೀವಿ ಮುಚ್ತೀವಿ ಅಂತ ಹೇಳಿಕೊಂಡೇ ಮುಂದಿನ ದೀಪಾವಳಿಗೂ ವ್ಯಾಪಾರ ಮಾಡೋ ಅಂಗಡಿಗಳನ್ನ ಈ ಊರು ಬೇಕಾದಷ್ಟು ನೋಡಿದೆ. ಎರಡನೆಯದನ್ನ ನಂಬ್ತೀವಿ, ಆದರೆ ಅದು ನಮ್ಮ ಕಣ್ಣಿಗೆ ಬೀಳೋ ಹೊತ್ತಿಗೆ ಸಾಮಾನ್ಯವಾಗಿ ಎಲ್ಲ ಮುಗಿದಿರುತ್ತೆ.

ಯಾವುದು ನಿಜ, ಯಾವುದು ಸುಳ್ಳು ಅಂತ ಕಂಡುಹಿಡಿಯೋಕೆ ಒಂದೇ ಒಂದು ಪರೀಕ್ಷೆ ಸಾಕು: ತಾರೀಖು ಇದೆಯಾ? ಕ್ಲೋಸಿಂಗ್ ಸೇಲ್ ಬೋರ್ಡಿನಲ್ಲಿ ತಾರೀಖು ಇರಲ್ಲ. ಬರೆದರೆ ಆ ದಿನ ನಿಜವಾಗ್ಲೂ ಮುಚ್ಚಬೇಕಾಗುತ್ತಲ್ಲ! ತಮಾಷೆ ಏನಂದ್ರೆ, ನಿಜವಾಗಿ ಬಾಗಿಲು ಹಾಕುವ ಪ್ರಾಮಾಣಿಕ ಅಂಗಡಿಯವರೂ ಎಷ್ಟೋ ಸಲ ಇದೇ ತಪ್ಪು ಮಾಡ್ತಾರೆ. ನಲವತ್ತು ವರ್ಷದ ಸೇವೆ, ನಿಮ್ಮ ಪ್ರೀತಿ, ನಿಮ್ಮ ಸಹಕಾರ, ನಾವು ಚಿರಋಣಿ ಅಂತೆಲ್ಲ ಬರೀತಾರೆ. ಕೊನೇ ದಿನ ಯಾವತ್ತು ಅನ್ನೋದು ಮಾತ್ರ ಬಿಟ್ಟುಹೋಗಿರುತ್ತೆ, ಇಲ್ಲಾ 'ಶೀಘ್ರದಲ್ಲೇ' ಅಂತಿರುತ್ತೆ. ನನ್ನ ತಕರಾರು ಇಷ್ಟೇ: ವಿದಾಯದ ಚೀಟಿಯಲ್ಲಿ ಕೃತಜ್ಞತೆಗಿಂತ ತಾರೀಖು ದೊಡ್ಡದು. ಸರಿಯಾಗಿ ನೋಡಿದರೆ ತಾರೀಖೇ ಕೃತಜ್ಞತೆ. ಯಾಕಂದ್ರೆ ಅದರಿಂದ ಗಿರಾಕಿಗೆ ಒಂದು ಉಪಯೋಗ ಇದೆ.

ಇದನ್ನ ಸರಿಯಾಗಿ ಮಾಡಿದವರ ಉದಾಹರಣೆ ನಮ್ಮ ಮಲ್ಲೇಶ್ವರದಲ್ಲೇ ಇದೆ. ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನ 1954ರಲ್ಲಿ ಶುರುವಾದ ಹೋಟೆಲು. ಬಟನ್ ಇಡ್ಲಿ, ಹಸಿರು ಮಸಾಲೆ ಇಡ್ಲಿ, ರಾಗಿ ದೋಸೆ ತಿನ್ನೋಕೆ ಅಂತಲೇ ಜನ ಅಲ್ಲಿಗೆ ಹೋಗ್ತಿದ್ದರು. 2023ರ ಡಿಸೆಂಬರ್ ಮೊದಲ ವಾರದಲ್ಲಿ ಆ ಹೋಟೆಲಿನ ನೋಟಿಸಿನ ಫೋಟೋ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಅದರಲ್ಲಿ ಮುಖ್ಯವಾಗಿ ಇದ್ದಿದ್ದು ಎರಡೇ ಮಾತು: ಡಿಸೆಂಬರ್ 6 ನಮ್ಮ ಕೊನೆಯ ದಿನ, ಇಷ್ಟು ವರ್ಷ ಬಂದ ನಿಮಗೆಲ್ಲ ಧನ್ಯವಾದ. ದೊಡ್ಡ ಭಾಷಣ ಇಲ್ಲ.

ಆ ಒಂದು ತಾರೀಖು ಏನು ಮಾಡ್ತು ನೋಡಿ. ಜನ ಆಫೀಸಿಗೆ ಲೇಟಾಗಿ ಹೋದರೂ ಪರವಾಗಿಲ್ಲ ಅಂತ ಬಂದು ಕ್ಯೂ ನಿಂತರು. ಮೊದಲು ಅಪ್ಪ-ಅಮ್ಮನ ಕೈ ಹಿಡ್ಕೊಂಡು ಬರ್ತಿದ್ದವರು ಈಗ ಅಪ್ಪ-ಅಮ್ಮನ್ನ ಕೈ ಹಿಡಿದು ಕರ್ಕೊಂಡು ಬಂದರು. 'ಶೀಘ್ರದಲ್ಲೇ ಮುಚ್ಚಲಿದೆ' ಅಂತ ಬರೆದಿದ್ದರೆ ಇದು ಆಗ್ತಿರಲಿಲ್ಲ. ಅಯ್ಯೋ ಪಾಪ ಅಂತ ಒಂದು ಇಮೋಜಿ ಹಾಕಿ, ಮುಂದಿನ ಶನಿವಾರ ಹೋದ್ರಾಯ್ತು ಅಂದ್ಕೊಂಡು, ಆ ಶನಿವಾರ ಬರೋ ಹೊತ್ತಿಗೆ ಬಾಗಿಲ ಮುಂದೆ ನಿಂತಿರ್ತಿದ್ವಿ.

ಆದರೆ ಒಂದು ಮಾತು ಗಮನಿಸಬೇಕು. ಹೋಟೆಲಿಗೂ ಗಿರಾಕಿಗೂ ನಡುವೆ ಬಾಕಿ ಅನ್ನೋದು ಇರಲ್ಲ. ತಿಂದ್ವಿ, ದುಡ್ಡು ಕೊಟ್ವಿ, ಕೈ ತೊಳ್ಕೊಂಡ್ವಿ. ಬೆಳಗಿನ ಲೆಕ್ಕ ಬೆಳಗ್ಗೆಗೇ ಚುಕ್ತಾ. ಜೊತೆಗೆ ಅಲ್ಲಿಗೆ ಬರೋರಲ್ಲಿ ತುಂಬಾ ಜನ ಅದೇ ಏರಿಯಾದವರು, ವಾರಕ್ಕೆ ಒಂದೆರಡು ಸಲ ಸಂಪಿಗೆ ರಸ್ತೆಯಲ್ಲಿ ನಡೆದಾಡೋರು. ಹಾಗಾಗಿ ಒಂದು ತಾರೀಖು, ಒಂದು ಧನ್ಯವಾದ ಇದ್ದರೆ ಅವರ ಚೀಟಿ ಪೂರ್ತಿಯಾಯ್ತು. ಮೆಜೆಸ್ಟಿಕ್‌ನ ಅಂಗಡಿಗೆ ಈ ಎರಡೂ ಅನುಕೂಲ ಇಲ್ಲ.

ಮೆಜೆಸ್ಟಿಕ್ ಅಂದ್ರೆ ಏನು? ಒಂದು ಥಿಯೇಟರಿನ ಹೆಸರು ಇಡೀ ಏರಿಯಾಗೆ ಬಂದು, ಥಿಯೇಟರ್ ಹೋಗಿ ಹೆಸರು ಮಾತ್ರ ಉಳ್ಕೊಂಡ ಜಾಗ. ಈ ಕಡೆ ಬಸ್ ಸ್ಟ್ಯಾಂಡು, ಆ ಕಡೆ ರೈಲ್ವೇ ಸ್ಟೇಷನ್ನು. ಇಲ್ಲಿನ ಹೊಲಿಗೆ ಅಂಗಡಿ, ವಾಚ್ ರಿಪೇರಿ, ಫೋಟೋ ಫ್ರೇಮ್ ಅಂಗಡಿ, ಟ್ರೋಫಿ ಮೇಲೆ ಹೆಸರು ಕೆತ್ತೋ ಅಂಗಡಿಗಳಿಗೆ ಬರೋ ಗಿರಾಕಿ ಪಕ್ಕದ ಬೀದಿಯವನಲ್ಲ. ತುಮಕೂರು, ಹಾಸನ, ಕೋಲಾರದ ಬಸ್ಸಿಳಿದು ಬಂದವರು. ಕೋರ್ಟ್ ಕೆಲಸಕ್ಕೋ, ಆಸ್ಪತ್ರೆಗೋ, ಮದುವೆ ಜವಳಿಗೋ ಬಂದಾಗ ಒಂದು ಪ್ಯಾಂಟು ಹೊಲಿಯೋಕೆ ಕೊಟ್ಟು, 'ಮುಂದಿನ ಸಲ ಬಂದಾಗ ತಗೊಳ್ತೀನಿ' ಅಂತ ಹೇಳಿ ಹೋಗೋರು. ಆ ಮುಂದಿನ ಸಲ ಎರಡು ತಿಂಗಳಿಗೂ ಆಗಬಹುದು, ಯುಗಾದಿಗೂ ಆಗಬಹುದು. ಇಂಥವರಿಗೆ ಒಂದು ವಾರ ಮುಂಚೆ ಅಂಟಿಸಿದ ಚೀಟಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆ ವಾರ ಅವರು ಈ ಊರಲ್ಲೇ ಇರಲ್ಲ.

ಹಾಗಾಗಿ ಇಂಥ ಅಂಗಡಿಗೆ ಒಂದು ತಾರೀಖು ಸಾಲಲ್ಲ, ಮೂರು ಬೇಕು. ಸುಮ್ನೆ ಒಂದು ಹೊಲಿಗೆ ಅಂಗಡಿಯನ್ನ ಊಹೆ ಮಾಡಿಕೊಂಡು ಲೆಕ್ಕ ಹಾಕೋಣ. ಗಾಂಧಿನಗರದ ಒಂದು ಕ್ರಾಸಿನಲ್ಲಿದೆ ಅನ್ಕೊಳ್ಳಿ. ಮಾಲೀಕರಿಗೆ ವಯಸ್ಸಾಗಿದೆ, ಕಣ್ಣು ಮಂಜು, ಮಕ್ಕಳು ಬೇರೆ ಕೆಲಸದಲ್ಲಿದ್ದಾರೆ. 2026ರ ಮಾರ್ಚ್ 31, ಮಂಗಳವಾರ, ಕೊನೆಯ ಕೆಲಸದ ದಿನ ಅಂತ ನಿರ್ಧಾರ ಮಾಡಿದ್ದಾರೆ.

ಮೊದಲ ತಾರೀಖು, ಹೊಸ ಅಳತೆ ತಗೊಳ್ಳೋ ಕೊನೇ ದಿನ. ಇದನ್ನ ಹಿಂದಿನಿಂದ ಎಣಿಸ್ಕೊಂಡು ಬರಬೇಕು. ಮಾರ್ಚ್ 19ಕ್ಕೆ ಯುಗಾದಿ. ಹಬ್ಬಕ್ಕೆ ಬಟ್ಟೆ ಕೊಡಲೇಬೇಕು. ಕತ್ತರಿಸಿ, ಹೊಲಿದು, ಒಂದು ಟ್ರಯಲ್ ನೋಡಿ, ಆಲ್ಟರ್ ಮಾಡೋಕೆ ಎರಡು ಎರಡೂವರೆ ವಾರ ಬೇಕು. ಅಲ್ಲಿಗೆ ಫೆಬ್ರವರಿ 28, ಶನಿವಾರ, ಅಳತೆ ನಿಲ್ಲಿಸಬೇಕು. ಮುಚ್ಚೋ ಹಿಂದಿನ ದಿನದವರೆಗೂ ಅಡ್ವಾನ್ಸ್ ಇಸ್ಕೊಂಡು ಆರ್ಡರ್ ತಗೊಳ್ಳೋ ಅಂಗಡಿಯ ಬಗ್ಗೆ ಗಿರಾಕಿ ಎಚ್ಚರವಾಗಿರಬೇಕು. ಅಲ್ಲಿ ಟ್ರಯಲ್‌ಗೂ ಸಮಯ ಇರಲ್ಲ, ಸರಿ ಹೋಗದಿದ್ದರೆ ವಾಪಸ್ ಕೊಡೋಕೂ ಜಾಗ ಇರಲ್ಲ.

ಎರಡನೇ ತಾರೀಖು ಮಾರ್ಚ್ 31. ಆವತ್ತಿಗೆ ಮಷೀನು ನಿಲ್ಲುತ್ತೆ.

ಮೂರನೆಯದು, ಎಲ್ಲರೂ ಮರೆಯೋದು: ಸಿದ್ಧವಾದ ಬಟ್ಟೆ ತಗೊಂಡು ಹೋಗೋಕೆ ಕೊನೇ ದಿನ. ಕೆಲಸ ನಿಂತ ಮೇಲೂ ಕನಿಷ್ಠ ಒಂದು ತಿಂಗಳು, ಅಂದ್ರೆ ಏಪ್ರಿಲ್ 30ರವರೆಗೆ, ದಿನಕ್ಕೆ ಒಂದಷ್ಟು ಹೊತ್ತು ಯಾರಾದರೂ ಬಾಗಿಲು ತೆಗೆದು ಕೂರಬೇಕು. ಹಾಗೆ ಕೂರಬೇಕು ಅಂದ್ರೆ ಬಿಲ್ಡಿಂಗ್ ಓನರ್‌ಗೆ ಬೀಗದ ಕೈ ಕೊಡೋ ದಿನವೂ ಅದರ ನಂತರವೇ ಇರಬೇಕು. ಎಷ್ಟೋ ಕಡೆ ಎಡವಟ್ಟಾಗೋದು ಇಲ್ಲೇ. ಬಾಡಿಗೆ ಉಳಿಸೋಕೆ ಕೊನೆಯ ಕೆಲಸದ ದಿನವೇ ಕೈ ಕೊಟ್ಟುಬಿಡ್ತಾರೆ. ಆಮೇಲೆ ರಸೀದಿ ಹಿಡ್ಕೊಂಡು ಬಂದವರು ಪಕ್ಕದ ಬೇಕರಿಯವರನ್ನ ಕೇಳ್ತಾ ನಿಲ್ತಾರೆ. ಬೇಕರಿಯವರಿಗೆ ಮೊದಲ ವಾರ ಕನಿಕರ, ಎರಡನೇ ವಾರ ತಲೆನೋವು.

'ತಗೊಂಡು ಹೋಗದಿದ್ದರೆ ನಾವು ಜವಾಬ್ದಾರರಲ್ಲ' ಅಂತ ರಸೀದಿ ಹಿಂದೆ ಅಚ್ಚು ಹಾಕ್ಸಿದ್ದೀವಲ್ಲ ಅಂತ ಕೆಲವರು ಧೈರ್ಯವಾಗಿರ್ತಾರೆ. ಅದು ಅಷ್ಟು ಸಲೀಸಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ, ಇನ್ನೊಬ್ಬರ ವಸ್ತುವನ್ನ ರಿಪೇರಿಗೋ ಹೊಲಿಗೆಗೋ ಇಟ್ಟುಕೊಂಡವರು ಅದನ್ನ ತಮ್ಮ ಸ್ವಂತ ವಸ್ತುವಿನಷ್ಟೇ ಜೋಪಾನವಾಗಿ ನೋಡಿಕೊಳ್ಳಬೇಕು. ಮಾಡಿದ ಕೆಲಸದ ಕೂಲಿ ಬರೋವರೆಗೆ ಆ ವಸ್ತುವನ್ನ ಕೊಡದೆ ಇಟ್ಕೊಳ್ಳೋ ಹಕ್ಕು ಅವರಿಗಿದೆ. ಆದರೆ ಅಂಗಡಿ ಮುಚ್ಚಿದ ಮಾತ್ರಕ್ಕೆ ಅದು ಅವರದಾಗಿಬಿಡಲ್ಲ. ಹಾಗಾಗಿ ಆರ್ಡರ್ ಪುಸ್ತಕ ತೆಗೆದು, ಬಾಕಿ ಇರೋ ಒಂದೊಂದು ರಸೀದಿಗೂ ಫೋನ್ ಮಾಡೋದೇ ಸರಿಯಾದ ದಾರಿ. ಗೋಡೆ ಮೇಲಿನ ಚೀಟಿ ಇರೋದು ಫೋನ್ ನಂಬರ್ ಬದಲಾದವರಿಗೆ, ಎಷ್ಟು ಸಲ ಮಾಡಿದರೂ ಎತ್ತದವರಿಗೆ.

ನಮ್ಮಂಥ ಐಟಿ ಜನಕ್ಕೆ ಇದು ಹೊಸ ವಿಷಯ ಏನಲ್ಲ. ಗೂಗಲ್ ರೀಡರ್ ನೆನಪಿದೆಯಾ? 2013ರ ಮಾರ್ಚ್‌ನಲ್ಲಿ ಮುಚ್ತೀವಿ ಅಂತ ಹೇಳಿದರು, ಜುಲೈ 1 ಅಂತ ದಿನ ಗೊತ್ತು ಮಾಡಿದರು, ಅಷ್ಟರೊಳಗೆ ನಿಮ್ಮ ಪಟ್ಟಿಯನ್ನ ಡೌನ್‌ಲೋಡ್ ಮಾಡ್ಕೊಳ್ಳಿ ಅಂದರು. ನಾವು ಬೈದ್ವಿ, ಆದರೆ ನಮ್ಮ ಸಾಮಾನು ನಮ್ಮ ಕೈಗೆ ಬಂತು. ಅಷ್ಟು ದೊಡ್ಡ ಕಂಪನಿ ಪುಕ್ಕಟೆ ಸೇವೆಗೇ ಮೂರೂವರೆ ತಿಂಗಳು ಕೊಡುತ್ತೆ ಅಂದ್ರೆ, ದುಡ್ಡು ಇಸ್ಕೊಂಡ ಟೈಲರ್ ಒಂದು ತಿಂಗಳು ಕೊಡೋದು ಹೆಚ್ಚೇನಲ್ಲ.

ಇನ್ನು ಭಾಷೆಗೆ ಬರೋಣ. ಈ ಚೀಟಿಗಳ ಕನ್ನಡ ಓದಿದರೆ ಬರೆದವರು ಅಂಗಡಿಯವರಾ ತಹಸೀಲ್ದಾರರಾ ಅಂತ ಅನುಮಾನ ಬರುತ್ತೆ. 'ಅನಿವಾರ್ಯ ಕಾರಣಗಳಿಂದ ಅಂಗಡಿಯನ್ನು ಮುಚ್ಚಲಾಗುವುದು.' ಯಾರು ಮುಚ್ಚೋದು? ಮೂವತ್ತು ವರ್ಷ 'ಬನ್ನಿ ಸಾರ್, ಕೂತ್ಕೊಳ್ಳಿ, ನೀರು ಬೇಕಾ' ಅಂತ ಮಾತಾಡಿದ ಮನುಷ್ಯ ಕೊನೇ ಸಲ ಬರೆಯುವಾಗ ವಾಕ್ಯದಿಂದಲೇ ಮಾಯವಾಗಿಬಿಡ್ತಾನೆ. 'ಅನಿವಾರ್ಯ ಕಾರಣ' ಅನ್ನೋದು ಬಸ್ಸು ರದ್ದಾದಾಗ, ನಾಟಕ ಮುಂದಕ್ಕೆ ಹೋದಾಗ ಹಾಕೋ ಮಾತು. ಕಾರಣ ಹೇಳೋಕೆ ಇಷ್ಟ ಇಲ್ಲದಿದ್ದರೆ ಬಿಟ್ಟುಬಿಡಲಿ, ಯಾರೂ ಬಲವಂತ ಮಾಡಲ್ಲ. ಹೇಳೋದಾದ್ರೆ 'ನನಗೆ ವಯಸ್ಸಾಯ್ತು, ಕಣ್ಣು ಸಾಲದು' ಅಂತ ಹೇಳಲಿ. ನಾಲ್ಕು ಪದದ ನಿಜವಾದ ಕಾರಣಕ್ಕೆ 'ಅನಿವಾರ್ಯ'ಕ್ಕಿಂತ ತೂಕ ಜಾಸ್ತಿ.

ಹಾಗಂತ ಪೂರ್ತಿ ಅಂಗಡಿಯವರದೇ ತಪ್ಪು ಅಂತಲೂ ಅನ್ನೋಕಾಗಲ್ಲ. ಮುಚ್ಚು ಅನ್ನೋ ಮಾತೇ ನಮ್ಮವರ ಬಾಯಲ್ಲಿ ಸಲೀಸಾಗಿ ಬರಲ್ಲ. ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅನ್ನಬಾರದು, 'ಹೋಗಿ ಬರ್ತೀನಿ' ಅನ್ನಬೇಕು. ಹಳೇ ಕಾಲದವರು ದೀಪ ಆರಿಸು ಅಂತಲೂ ಅನ್ನಲ್ಲ, 'ದೀಪ ದೊಡ್ಡದು ಮಾಡು' ಅಂತಾರೆ. ಈ ಸಂಸ್ಕಾರದಲ್ಲಿ ಬೆಳೆದವರಿಗೆ ದಿನಾ ಬೆಳಗ್ಗೆ ಊದುಬತ್ತಿ ಹಚ್ಚಿದ ಗಲ್ಲಾಪೆಟ್ಟಿಗೆ ಮುಂದೆ ಕೂತು 'ಮುಚ್ತೀನಿ' ಅಂತ ಬರೆಯೋಕೆ ಕೈ ಬರಲ್ಲ. ಅದಕ್ಕೇ ಸರ್ಕಾರಿ ಕನ್ನಡದ ಹಿಂದೆ ಅಡಗ್ತಾರೆ. ಇದಕ್ಕೆ ಸುಲಭ ಪರಿಹಾರ ಇದೆ. ಮುಚ್ಚು ಅನ್ನೋ ಕ್ರಿಯಾಪದವನ್ನೇ ಮುಟ್ಟಬೇಡಿ. 'ನಮ್ಮ ಅಂಗಡಿಯ ಕೊನೆಯ ದಿನ ಇಂಥದ್ದು' ಅನ್ನಿ. ಕೃಷ್ಣ ಭವನದ ಚೀಟಿಯಲ್ಲಿ ಹೊಟ್ಟೆಗೆ ನಾಟಿದ್ದೂ ಆ ತಾರೀಖೇ ಅಲ್ವಾ.

ಧನ್ಯವಾದದ ಕಥೆ ಇನ್ನೊಂದು. ಥಿಯೇಟರುಗಳ ಏರಿಯಾ ಆಗಿದ್ದಕ್ಕೋ ಏನೋ, ಇಲ್ಲಿ ಥ್ಯಾಂಕ್ಸ್ ಹೇಳೋದೂ ಸಿನಿಮಾ ಸ್ಟೈಲಿನಲ್ಲೇ. ರಾಜ್‌ಕುಮಾರ್ ಅವರು 'ಅಭಿಮಾನಿ ದೇವರುಗಳೇ' ಅಂತ ಕರೆದರೆ ಅದಕ್ಕೆ ಅರ್ಥ ಇತ್ತು. ಅದನ್ನೇ ಎತ್ಕೊಂಡು 'ಗ್ರಾಹಕ ದೇವರುಗಳಿಗೆ ಸಾಷ್ಟಾಂಗ ನಮಸ್ಕಾರ' ಅಂದ್ರೆ, ಚೌಕಾಸಿ ಮಾಡಿ ಹತ್ತು ರೂಪಾಯಿ ಕಮ್ಮಿ ಕೊಟ್ಟು ಹೋಗ್ತಿದ್ದ ನಮಗೇ ಮುಜುಗರ. ಅಂಗಡಿಯವರ ಕಣ್ಣಿಗೆ ಮಾತ್ರ ಬೀಳೋ ಯಾವುದಾದರೂ ಒಂದು ಸಂಗತಿಗೆ ಥ್ಯಾಂಕ್ಸ್ ಹೇಳಿದರೆ ಅದು ಮನಸ್ಸಿಗೆ ಮುಟ್ಟುತ್ತೆ: ಲೇಟಾದರೂ ಕಾದಿದ್ದಕ್ಕೆ, ಅಪ್ಪನ ಅಳತೆ ಪುಸ್ತಕದಲ್ಲೇ ಮಗನ ಅಳತೆಯನ್ನೂ ಬರೆಸಿದ್ದಕ್ಕೆ.

ಧನ್ಯವಾದ ಹೇಳುವಾಗ ಸಾಮಾನ್ಯವಾಗಿ ಬಿಟ್ಟುಹೋಗೋರು ಕೆಲಸದವರು. ಕ್ರಮ ಏನಂದ್ರೆ, ಗೋಡೆಗೆ ಚೀಟಿ ಅಂಟಿಸೋ ಮುಂಚೆ ಅವರಿಗೆ ವಿಷಯ ಗೊತ್ತಿರಬೇಕು. ತಾವು ಕೆಲಸ ಮಾಡೋ ಜಾಗದ ಕೊನೇ ದಿನವನ್ನ ವಾಟ್ಸಾಪ್ ಫೋಟೋದಲ್ಲಿ ನೋಡೋ ಗತಿ ಯಾರಿಗೂ ಬರಬಾರದು. ವಿಷಯದ ಜೊತೆಗೆ ಲೆಕ್ಕವೂ ಸಿಗಬೇಕು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡೋ ಅಂಗಡಿ, ಹೋಟೆಲುಗಳಲ್ಲಿ ಐದು ವರ್ಷ ಪೂರೈಸಿದವರಿಗೆ ಗ್ರಾಚ್ಯುಟಿ ಕೊಡಬೇಕು. ತಿಂಗಳ ಸಂಬಳವನ್ನ 26ರಿಂದ ಭಾಗಿಸಿದರೆ ಒಂದು ದಿನದ ಸಂಬಳ. ಅಂಥ 15 ದಿನದ ಸಂಬಳ, ಮಾಡಿದ ಒಂದೊಂದು ವರ್ಷಕ್ಕೂ. ತಿಂಗಳಿಗೆ 15,600 ರೂಪಾಯಿ ತಗೊಳ್ಳೋ ಸಪ್ಲೈಯರ್ ಇಪ್ಪತ್ತು ವರ್ಷ ದುಡಿದಿದ್ದರೆ, ದಿನಕ್ಕೆ 600, ವರ್ಷಕ್ಕೆ 9,000, ಒಟ್ಟು 1,80,000 ರೂಪಾಯಿ. ಇದು ಮಾಲೀಕರು ಖುಷಿಯಿಂದ ಕೊಡೋ ಉಡುಗೊರೆ ಅಲ್ಲ, ಬಾಕಿ. ನಮ್ಮ ಹೊಲಿಗೆ ಅಂಗಡಿಯಲ್ಲಿ ಇಬ್ಬರೇ ಕಾರಿಗರು ಇರೋದ್ರಿಂದ ಈ ಕಾಯ್ದೆ ಅನ್ವಯಿಸಲ್ಲ. ಆದರೆ ಮೂರು ತಿಂಗಳು ಮುಂಚೆ ಹೇಳಿದರೆ ಅವರು ಇನ್ನೊಂದು ಅಂಗಡಿ ನೋಡ್ಕೋಬಹುದು. ಅವರು ಎಲ್ಲಿಗೆ ಹೋದರು ಅಂತ ಚೀಟಿಯಲ್ಲಿ ಒಂದು ಸಾಲು ಹಾಕಿದರೆ ಗಿರಾಕಿಗಳಿಗೂ ಅನುಕೂಲ, ಕಾರಿಗರಿಗೂ ನಾಲ್ಕು ಜನ ಪರಿಚಯದವರು ಸಿಗ್ತಾರೆ.

ಅಂಗಡಿ ನಿಲ್ತಿದೆಯಾ, ಬೇರೆ ಕಡೆ ಹೋಗ್ತಿದೆಯಾ ಅನ್ನೋದೂ ಸ್ಪಷ್ಟ ಇರಬೇಕು. 2009ರಲ್ಲಿ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ ಬಾಗಿಲು ಹಾಕಿದಾಗ ಇಡೀ ಊರು ಅತ್ತಿತು. ಅದೇ ಕಾಫಿ ಹೌಸ್ ಆಮೇಲೆ ಚರ್ಚ್ ಸ್ಟ್ರೀಟ್‌ನಲ್ಲಿ ತೆರೀತು. ಅದೇ ವರ್ಷ ನಿಂತ ಇನ್ನೊಂದು ಅಂಗಡಿ ಪ್ರೀಮಿಯರ್ ಬುಕ್‌ಶಾಪ್. ಟಿ.ಎಸ್. ಶಾನಭಾಗರು 1971ರಲ್ಲಿ ಶುರು ಮಾಡಿದ್ದು. ಅದು ಮತ್ತೆ ಎಲ್ಲೂ ತೆರೆಯಲಿಲ್ಲ. ಎರಡಕ್ಕೂ ನಾವು ಬಳಸಿದ ಪದ ಒಂದೇ, 'ಮುಚ್ಚಿತು'. ಒಂದು ವಿಳಾಸ ಬದಲಾವಣೆ, ಇನ್ನೊಂದು ನಿಜವಾದ ವಿದಾಯ. ಓದುಗನಿಗೆ ಈ ವ್ಯತ್ಯಾಸ ತಿಳಿಸೋದು ಚೀಟಿ ಬರೆಯೋರ ಕೆಲಸ.

ಇಷ್ಟೆಲ್ಲ ಟೀಕೆ ಮಾಡಿದ ಮೇಲೆ 'ನೀನೇ ಬರೆದು ತೋರಿಸು' ಅಂತ ನೀವು ಕೇಳೋದು ನ್ಯಾಯವೇ. ನಮ್ಮ ಊಹೆಯ ಟೈಲರಿಗೆ ನಾನು ಬರೆದುಕೊಡೋದಾದ್ರೆ ಇಷ್ಟು, ಜನವರಿ ಮೊದಲ ವಾರದಲ್ಲೇ ಅಂಟಿಸೋ ಹಾಗೆ:

'ನಮಸ್ಕಾರ. ನಮ್ಮ ಅಂಗಡಿಯ ಕೊನೆಯ ಕೆಲಸದ ದಿನ 31 ಮಾರ್ಚ್ 2026, ಮಂಗಳವಾರ. ಹೊಸ ಅಳತೆ 28 ಫೆಬ್ರವರಿ 2026ರವರೆಗೆ ಮಾತ್ರ ತೆಗೆದುಕೊಳ್ಳುತ್ತೇನೆ. ಹೊಲಿದ ಬಟ್ಟೆಗಳನ್ನು 30 ಏಪ್ರಿಲ್ 2026ರ ಒಳಗೆ ಬೆಳಗ್ಗೆ 11ರಿಂದ ಸಂಜೆ 5ರವರೆಗೆ ಇಲ್ಲೇ ತೆಗೆದುಕೊಳ್ಳಬಹುದು. ಬರಲಾಗದವರು ಕೆಳಗಿನ ನಂಬರಿಗೆ ಫೋನ್ ಮಾಡಿ. ಅಂಗಡಿಯನ್ನು ಬೇರೆ ಕಡೆ ತೆರೆಯುತ್ತಿಲ್ಲ. ನನಗೆ ವಯಸ್ಸಾಯಿತು. ದೂರದ ಊರುಗಳಿಂದ ಬಂದು, ಎಷ್ಟೋ ಸಲ ಬಸ್ ತಪ್ಪಿಸಿಕೊಂಡು ನನ್ನ ಹೊಲಿಗೆಗೆ ಕಾದವರಿಗೆಲ್ಲ ಧನ್ಯವಾದ.'

ಕೆಳಗೆ ಸಹಿ, ಫೋನ್ ನಂಬರು. 'ಆಡಳಿತ ಮಂಡಳಿ' ಅಂತ ಬರೆಯೋದು ಬೇಡ, ಮನುಷ್ಯನ ಹೆಸರು ಸಾಕು.

ಒಂದೊಂದು ತಾರೀಖಿಗೂ ಇಸವಿ ಯಾಕೆ ಹಾಕಿದ್ದೀನಿ ಅಂತ ಕೇಳಬಹುದು. ಈ ಚೀಟಿಯ ಅರ್ಧ ಕೆಲಸ ಶುರುವಾಗೋದು ಅಂಗಡಿಯ ಬಾಗಿಲು ಬಿದ್ದ ಮೇಲೆ. ಮೆಜೆಸ್ಟಿಕ್‌ನಲ್ಲಿ 1968ರಲ್ಲಿ ತೆರೆದ ಕಪಾಲಿ ಥಿಯೇಟರನ್ನ 2017ರಲ್ಲಿ ಕೆಡವಿದರೂ ಆಮೇಲೂ ದಾರಿ ಹೇಳುವಾಗ ಜನ 'ಕಪಾಲಿ ಹತ್ರ' ಅಂತಲೇ ಅಂತಿದ್ದರು. ಇಲ್ಲಿ ಜಾಗದ ನೆನಪು ಜಾಗಕ್ಕಿಂತ ಜಾಸ್ತಿ ದಿನ ಇರುತ್ತೆ. ಮುಂದಿನ ವರ್ಷ ಯಾರೋ ಒಬ್ಬರು ಹಳೇ ನೆನಪಲ್ಲಿ ಬಸ್ಸಿಳಿದು ಅದೇ ಕ್ರಾಸಿಗೆ ಬಂದು ಶಟರ್ ಮುಂದೆ ನಿಲ್ತಾರೆ. 'ಈ ತಿಂಗಳು 31ಕ್ಕೆ' ಅಂತ ಬರೆದಿದ್ದರೆ ಯಾವ ತಿಂಗಳು, ಯಾವ ವರ್ಷ ಅಂತ ಅವರಿಗೆ ಗೊತ್ತಾಗಲ್ಲ. ಶಟರ್ ಇವತ್ತು ಮಾತ್ರ ಇಳಿದಿದೆಯಾ, ಯಾವತ್ತಿಗೂ ಇಳಿದಿದೆಯಾ ಅಂತಲೂ ಗೊತ್ತಾಗಲ್ಲ. ಇಸವಿ ಇದ್ದರೆ ಗೊತ್ತಾಗುತ್ತೆ. ಸುತ್ತಾಡದೆ, ಬೇಕರಿಯವರನ್ನ ಕೇಳದೆ, ಅವರು ಮುಂದಿನ ಬಸ್ಸು ಹಿಡೀತಾರೆ.